ಮೊಣಕೈ ಮಡಿಕೆಯಲ್ಲಿ ರಕ್ತ ತೆಗೆಯುವಾಗ ಸರಿಯಾದ ವೇನ್ ಆರಿಸುವುದು ಹೇಗೆ: ಕ್ಯುಬಿಟಲ್ ಫೋಸಾದ ಸಮಗ್ರ ಮಾರ್ಗದರ್ಶಿ

ಕ್ಯುಬಿಟಲ್ ಫೋಸಾದ ಎಲ್ಲೆಗಳನ್ನು ವೈವಾದಲ್ಲಿ ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಯೇ ವಾರ್ಡಿಗೆ ಬಂದಾಗ, ಕಣ್ಣಿಗೆ ನೀಲಿಯಾಗಿ ಕಂಡ ಮೊದಲ ಗೆರೆಗೆ ಸೂಜಿ ಹಾಕುತ್ತಾನೆ. ಆ ಗೆರೆ ಬಹಳ ಸಲ ಒಳಬದಿಯ ಬೆಸಿಲಿಕ್ ವೇನ್ ಆಗಿರುತ್ತದೆ. ಈ ಮಡಿಕೆಯಲ್ಲಿ ಕೊನೆಗೆ ಆರಿಸಬೇಕಾದದ್ದು ಅದನ್ನೇ. ಪುಸ್ತಕದ ತ್ರಿಕೋನವನ್ನೂ ರೋಗಿಯ ತೋಳನ್ನೂ ಜೋಡಿಸುವ ಅಭ್ಯಾಸವಾಗದಿದ್ದರೆ ಈ ತಪ್ಪು ಮರುಕಳಿಸುತ್ತಲೇ ಇರುತ್ತದೆ.

ಇಲ್ಲಿ ಹೇಳುವ ಕ್ರಮದ ತಿರುಳು ಇಷ್ಟೇ: ಮೊದಲು ಬೈಸೆಪ್ಸ್ ಟೆಂಡನ್ ಹುಡುಕಿ, ಆಮೇಲೆ ಅದರ ಪಕ್ಕದ ನಾಡಿ ಹುಡುಕಿ, ವೇನ್ ಹುಡುಕುವುದು ಅದರ ನಂತರ. ಈ ಎರಡು ಗುರುತುಗಳು ಬೆರಳಿಗೆ ಸಿಕ್ಕರೆ ಎಲ್ಲಿ ಚುಚ್ಚಬಹುದು, ಎಲ್ಲಿ ಚುಚ್ಚಬಾರದು ಎಂಬುದು ಬಹುಮಟ್ಟಿಗೆ ತೀರ್ಮಾನವಾದ ಹಾಗೆಯೇ.

ಈ ಬರಹ ವಯಸ್ಕರಲ್ಲಿ ರಕ್ತ ತೆಗೆಯಲು ತರಬೇತಿ ಪಡೆಯುತ್ತಿರುವವರಿಗಾಗಿ. ಮೊದಮೊದಲ ಚುಚ್ಚುವಿಕೆಗಳನ್ನು ಮೇಲ್ವಿಚಾರಕರ ಎದುರಿನಲ್ಲೇ ಮಾಡಿ. ಮಾತಿನಲ್ಲಿ ನಾವು ರಕ್ತನಾಳಕ್ಕೂ ‘ನರ’ ಎನ್ನುತ್ತೇವೆ, ಆದರೆ ಈ ಬರಹದಲ್ಲಿ ನರ ಎಂದರೆ ಸಂವೇದನೆ ಸಾಗಿಸುವ ನರ ಮಾತ್ರ.

## ಕೈಗೆಟುಕುವಂತೆ ಇಟ್ಟುಕೊಳ್ಳಬೇಕಾದವು

ಗ್ಲೌಸ್, ಟೂರ್ನಿಕೆಟ್, 70 ಶೇಕಡಾ ಆಲ್ಕೋಹಾಲ್ ಸ್ವಾಬ್, ಒಣ ಗಾಜ್ ಅಥವಾ ಹತ್ತಿ, ಅಂಟುಪಟ್ಟಿ, ಪರೀಕ್ಷೆಗೆ ತಕ್ಕ ಟ್ಯೂಬುಗಳು, ಲೇಬಲ್, ಸೂಜಿ ಎಸೆಯುವ ಗಟ್ಟಿ ಡಬ್ಬಿ. ವಯಸ್ಕರ ಮೊಣಕೈ ಮಡಿಕೆಗೆ ಸಾಮಾನ್ಯವಾಗಿ 21 ಗೇಜ್ ಸೂಜಿ ಸಾಕು, ವೇನ್ ಸಣ್ಣದಿದ್ದರೆ 22. ಚಿಟ್ಟೆ ಸೂಜಿ 23 ಗೇಜಿನದು ಒಂದು ಪಕ್ಕದಲ್ಲಿರಲಿ, ಆದರೆ ಮೊದಲ ಆಯ್ಕೆಯಾಗಿ ಅಲ್ಲ. ಸೂಜಿ ಎಸೆಯುವ ಡಬ್ಬಿ ಚುಚ್ಚುವ ಕೈಯ ಬದಿಯಲ್ಲೇ ಇರಬೇಕು. ಬಳಸಿದ ಸೂಜಿ ಹಿಡಿದು ರೋಗಿಯ ಮೇಲಿಂದ ಆಚೆಗೆ ಬಾಗುವ ಪರಿಸ್ಥಿತಿ ಬರಬಾರದು.

## ಹಂತ 1: ತ್ರಿಕೋನವನ್ನು ತೋಳಿನ ಮೇಲೆ ಗುರುತಿಸಿ

ರೋಗಿಯನ್ನು ಕೂರಿಸಿ ಅಥವಾ ಮಲಗಿಸಿ, ತೋಳನ್ನು ಚಾಚಿಸಿ ಆಸರೆಯ ಮೇಲಿಡಿಸಿ, ಅಂಗೈ ಮೇಲೆ ಮುಖ ಮಾಡಿರಲಿ. ಈಗ ಹೆಬ್ಬೆರಳಿರುವ ಕಡೆ ಹೊರಬದಿ, ಕಿರುಬೆರಳಿರುವ ಕಡೆ ಒಳಬದಿ. ಮುಂದಿನ ಎಲ್ಲ ಮಾತೂ ಈ ಭಂಗಿಯನ್ನೇ ನೆಚ್ಚಿಕೊಂಡಿದೆ. ಅಂಗೈ ತಿರುಗಿದರೆ ವೇನ್‌ಗಳೂ ಜಾಗ ಬದಲಿಸಿದಂತೆ ಕಾಣುತ್ತವೆ.

ಮೊಣಕೈಯ ಎರಡೂ ಪಕ್ಕದಲ್ಲಿ ತೋಳಿನ ಮೂಳೆಯ ಉಬ್ಬುಗಳು, ಅಂದರೆ ಎಪಿಕಾಂಡೈಲ್‌ಗಳು, ಬೆರಳಿಗೆ ಸಿಗುತ್ತವೆ. ಅವೆರಡನ್ನೂ ಸೇರಿಸುವ ಕಾಲ್ಪನಿಕ ಗೆರೆಯೇ ತ್ರಿಕೋನದ ತಳ. ಅದು ಮೇಲ್ಗಡೆ ಇರುತ್ತದೆ, ತುದಿ ಮಣಿಕಟ್ಟಿನ ಕಡೆಗೆ ಇಳಿದಿರುತ್ತದೆ.

ಹೊರ ಎಲ್ಲೆ ಬ್ರೇಕಿಯೋರೇಡಿಯಾಲಿಸ್ ಸ್ನಾಯುವಿನ ಒಳ ಅಂಚು. ಇದನ್ನು ನೋಡಬೇಕೆಂದರೆ ಹೆಬ್ಬೆರಳು ಮೇಲಿರುವಂತೆ ಮುಂಗೈ ತಿರುಗಿಸಿ ಮೊಣಕೈ ಮಡಿಸಲು ಹೇಳಿ, ನೀವು ಮಣಿಕಟ್ಟನ್ನು ಕೆಳಕ್ಕೆ ಒತ್ತಿ ಹಿಡಿಯಿರಿ. ಮುಂಗೈಯ ಹೊರಬದಿಯಲ್ಲಿ ಗಟ್ಟಿ ದಿಂಡಾಗಿ ಏಳುವುದೇ ಅದು. ಒಳ ಎಲ್ಲೆ ಪ್ರೊನೇಟರ್ ಟೆರೀಸ್ ಸ್ನಾಯುವಿನ ಹೊರ ಅಂಚು. ಒಳಬದಿಯ ಎಪಿಕಾಂಡೈಲ್‌ನಿಂದ ಹೊರಟು ಓರೆಯಾಗಿ ಮುಂಗೈ ದಾಟುವ ಈ ಸ್ನಾಯು, ರೋಗಿ ಅಂಗೈಯನ್ನು ಕೆಳಮುಖ ಮಾಡಲು ಯತ್ನಿಸುವಾಗ ನೀವು ತಡೆದರೆ ಬಿಗಿಯಾಗುತ್ತದೆ. ಬ್ರೇಕಿಯೋರೇಡಿಯಾಲಿಸ್ ಪ್ರೊನೇಟರ್ ಟೆರೀಸ್ ಮೇಲೆ ಹಾಯುವ ಜಾಗವೇ ತ್ರಿಕೋನದ ತುದಿ.

ನೆಲದಲ್ಲಿ ಮೇಲೆ ಬ್ರೇಕಿಯಾಲಿಸ್, ಕೆಳಗೆ ಸುಪಿನೇಟರ್ ಸ್ನಾಯು ಇವೆ. ರಕ್ತ ತೆಗೆಯುವವರ ಸೂಜಿ ಅಷ್ಟು ಆಳಕ್ಕೆ ಹೋಗಲೇಬಾರದು. ಹೋಗಿದೆ ಎಂದರೆ ದಾರಿಯಲ್ಲಿದ್ದ ಮುಖ್ಯವಾದವನ್ನೆಲ್ಲ ಆಗಲೇ ದಾಟಿಬಂದಿದೆ ಎಂದರ್ಥ.

## ಹಂತ 2: ಟೆಂಡನ್ ಹುಡುಕಿ, ನಾಡಿ ಹುಡುಕಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಟೂರ್ನಿಕೆಟ್ ಕಟ್ಟುವ ಮೊದಲೇ ಮಾಡಬೇಕು, ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯುವುದಿಲ್ಲ.

ಅಂಗೈ ಮೇಲಿರುವಂತೆಯೇ ಮೊಣಕೈಯನ್ನು ಸ್ವಲ್ಪ ಮಡಿಸಲು ಹೇಳಿ, ಮುಂಗೈಯನ್ನು ಹಗುರವಾಗಿ ತಡೆಯಿರಿ. ಮಡಿಕೆಯ ಹೆಚ್ಚುಕಡಿಮೆ ನಡುವೆ ಬಿಗಿ ಹುರಿಯಂತೆ ಏಳುವುದು ಬೈಸೆಪ್ಸ್ ಟೆಂಡನ್. ತೋರುಬೆರಳನ್ನು ಅದರ ಮೇಲಿಟ್ಟು ತೋಳನ್ನು ಸಡಿಲ ಬಿಡಿಸಿ, ಮತ್ತೆ ಚಾಚಿಸಿ. ಬೆರಳನ್ನು ಟೆಂಡನ್‌ನಿಂದ ಒಳಬದಿಗೆ, ಕಿರುಬೆರಳಿನ ಕಡೆಗೆ, ಚೂರು ಸರಿಸಿ ಮೆಲ್ಲಗೆ ಒತ್ತಿ. ಮಿಡಿಯುವುದು ಬ್ರೇಕಿಯಲ್ ಅಪಧಮನಿ. ರಕ್ತದೊತ್ತಡ ಅಳೆಯುವಾಗ ಸ್ಟೆತಾಸ್ಕೋಪ್ ಇಡುವ ಜಾಗವೇ ಅದು.

ಆ ಮಿಡಿತಕ್ಕೆ ಅಂಟಿಕೊಂಡಂತೆ ಇನ್ನೂ ಒಳಬದಿಯಲ್ಲಿ ಮೀಡಿಯನ್ ನರ ಇದೆ. ಬೆರಳಿಗೆ ಅದು ಸಿಗುವುದಿಲ್ಲ, ಆದರೆ ನಾಡಿ ಸಿಕ್ಕಿತೆಂದರೆ ನರದ ಜಾಗವೂ ಗೊತ್ತಾದಂತೆಯೇ. ಹಾಗಾಗಿ ಒಳಗಿನಿಂದ ಹೊರಕ್ಕೆ ಸಾಲು ಹೀಗಿದೆ: ಮೀಡಿಯನ್ ನರ, ಬ್ರೇಕಿಯಲ್ ಅಪಧಮನಿ, ಬೈಸೆಪ್ಸ್ ಟೆಂಡನ್, ಕೊನೆಗೆ ಬ್ರೇಕಿಯೋರೇಡಿಯಾಲಿಸ್ ಮರೆಯಲ್ಲಿ ಆಳವಾಗಿ ರೇಡಿಯಲ್ ನರ. ಬ್ರೇಕಿಯಲ್ ಅಪಧಮನಿ ತ್ರಿಕೋನದ ತುದಿಯ ಹತ್ತಿರ, ರೇಡಿಯಸ್ ಮೂಳೆಯ ಕತ್ತಿನ ಮಟ್ಟದಲ್ಲಿ, ರೇಡಿಯಲ್ ಮತ್ತು ಅಲ್ನಾರ್ ಎಂದು ಕವಲೊಡೆಯುತ್ತದೆ. ಅಲ್ನಾರ್ ನರ ಈ ತ್ರಿಕೋನದಲ್ಲೇ ಇಲ್ಲ, ಅದು ಒಳ ಎಪಿಕಾಂಡೈಲ್‌ನ ಹಿಂದಿನಿಂದ ಹೋಗುತ್ತದೆ. ಉತ್ತರಪತ್ರಿಕೆಗಳಲ್ಲಿ ಅದನ್ನು ಇಲ್ಲಿ ತುರುಕುವ ತಪ್ಪು ಸಾಮಾನ್ಯ.

ಟೆಂಡನ್‌ನಿಂದ ಒಳಕ್ಕೆ ಅಪಧಮನಿಯೂ ಮೀಡಿಯನ್ ನರವೂ ಇವೆ, ಹೊರಕ್ಕೆ ಅವೆರಡೂ ಇಲ್ಲ. ಆಯ್ಕೆಯ ನಿಯಮ ಹುಟ್ಟುವುದು ಇಲ್ಲಿಂದಲೇ.

## ಹಂತ 3: ಮೇಲ್ಚಾವಣಿಯಲ್ಲಿ ಹರಿಯುವ ಮೂರು ವೇನ್‌ಗಳು

ನಮಗೆ ಬೇಕಾದ ವೇನ್‌ಗಳೆಲ್ಲ ಫೋಸಾದ ಮೇಲ್ಚಾವಣಿಯಲ್ಲಿವೆ, ಅಂದರೆ ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿ. ಸೆಫಾಲಿಕ್ ಹೊರಬದಿಯಲ್ಲಿ ಏರುತ್ತದೆ, ಬೆಸಿಲಿಕ್ ಒಳಬದಿಯಲ್ಲಿ. ಮೀಡಿಯನ್ ಕ್ಯುಬಿಟಲ್ ವೇನ್ ಸೆಫಾಲಿಕ್‌ನಿಂದ ಕವಲೊಡೆದು ಓರೆಯಾಗಿ ಮೇಲಕ್ಕೂ ಒಳಕ್ಕೂ ಹೋಗಿ ಬೆಸಿಲಿಕ್ ಸೇರುತ್ತದೆ. ಕೆಲವರಲ್ಲಿ ಈ ಓರೆ ಸೇತುವೆ ಇರುವುದಿಲ್ಲ. ಅದರ ಬದಲು ಮುಂಗೈ ನಡುವಿನಿಂದ ಬಂದ ಒಂದು ವೇನ್ ಮಡಿಕೆಯ ಹತ್ತಿರ ಎರಡಾಗಿ ಒಡೆದು ಒಂದು ಕವಲು ಸೆಫಾಲಿಕ್‌ಗೂ ಇನ್ನೊಂದು ಬೆಸಿಲಿಕ್‌ಗೂ ಹೋಗುತ್ತದೆ. ಅಂಥ ತೋಳಿನಲ್ಲಿ ‘ಮೀಡಿಯನ್ ಕ್ಯುಬಿಟಲ್ ಎಲ್ಲಿ’ ಎಂದು ತಡಕಾಡುತ್ತ ಕೂರಬೇಡಿ. ಟೆಂಡನ್‌ನ ಹೊರಬದಿಗೆ ಹೋಗುವ ಕವಲನ್ನು ಆರಿಸಿ.

ಮೀಡಿಯನ್ ಕ್ಯುಬಿಟಲ್‌ಗೆ ಮೊದಲ ಸ್ಥಾನ ಕೊಡಲು ಗಟ್ಟಿ ಕಾರಣವಿದೆ. ಬೈಸೆಪ್ಸ್ ಟೆಂಡನ್‌ನಿಂದ ಒಂದು ಚಪ್ಪಟೆ ಪಟ್ಟಿ, ಬೈಸಿಪಿಟಲ್ ಅಪೊನ್ಯುರೋಸಿಸ್, ಒಳಬದಿಗೆ ಹರಡಿಕೊಳ್ಳುತ್ತದೆ. ಮೇಲೆ ವೇನ್, ನಡುವೆ ಈ ಪಟ್ಟಿ, ಕೆಳಗೆ ಬ್ರೇಕಿಯಲ್ ಅಪಧಮನಿ ಮತ್ತು ಮೀಡಿಯನ್ ನರ. ಜೊತೆಗೆ ಈ ವೇನ್ ಅಗಲವಾಗಿದ್ದು ಸುತ್ತಲಿನ ಅಂಗಾಂಶಕ್ಕೆ ಚೆನ್ನಾಗಿ ಅಂಟಿಕೊಂಡಿರುತ್ತದೆ, ಸೂಜಿ ತಾಗಿದಾಗ ಹೊರಳುವುದು ಕಡಿಮೆ.

ಆದರೆ ಪಟ್ಟಿ ಇದೆ ಎಂಬ ಧೈರ್ಯದಲ್ಲಿ ಆ ವೇನ್‌ನ ಯಾವ ಬಿಂದುವಿಗಾದರೂ ಚುಚ್ಚಬಹುದು ಎಂದುಕೊಳ್ಳಬೇಡಿ. ಪಟ್ಟಿ ತೆಳುವಾದದ್ದು, ಸೂಜಿಯನ್ನು ತಡೆಯುವ ಗೋಡೆಯಲ್ಲ. ಓರೆಯಾಗಿ ಹೋಗುವ ವೇನ್‌ನ ಕೆಳಗಿನ, ಹೊರಬದಿಯ ಭಾಗ ಅಪಧಮನಿಯಿಂದ ದೂರ. ಮೇಲಿನ, ಒಳಬದಿಯ ಭಾಗ ಅದರ ನೆತ್ತಿಯ ಮೇಲೇ ಹಾಯುತ್ತದೆ. ಒಂದೇ ವೇನ್‌ನಲ್ಲಿ ಎರಡು ಬೆರಳಗಲ ಸರಿದರೆ ಅಪಾಯ ಬದಲಾಗುತ್ತದೆ. ಹೊರಬದಿಯ ಭಾಗವನ್ನೇ ಆರಿಸಿ.

ಎರಡನೆಯದು ಸೆಫಾಲಿಕ್. ಇದು ಪೂರ್ತಿ ನಿರಪಾಯಕಾರಿ ಎಂದು ಹೇಳುವುದು ತಪ್ಪಾಗುತ್ತದೆ. ಮುಂಗೈಯ ಹೊರಬದಿಯ ಚರ್ಮಕ್ಕೆ ಸಂವೇದನೆ ಕೊಡುವ ನರ ಬೈಸೆಪ್ಸ್ ಟೆಂಡನ್‌ನ ಹೊರ ಅಂಚಿನಿಂದ ಮೇಲೆ ಬಂದು ಈ ವೇನ್‌ನ ಜೊತೆಯಲ್ಲೇ ಇಳಿಯುತ್ತದೆ. ಆದ್ದರಿಂದ ಇಲ್ಲಿ ಸೂಜಿ ಆಳಕ್ಕೆ ಹೋಗಬಾರದು, ಒಳಗೆ ತಡಕಾಡಬಾರದು. ದಪ್ಪ ತೋಳಿನವರಲ್ಲಿ ಬೇರೇನೂ ಸಿಗದಿದ್ದಾಗಲೂ ಸೆಫಾಲಿಕ್ ಬೆರಳಿಗೆ ಸಿಗುವುದುಂಟು.

ಕೊನೆಯದು ಬೆಸಿಲಿಕ್. ದೊಡ್ಡದಾಗಿ, ನೀಲಿಯಾಗಿ ಕಾಣುತ್ತದೆ, ಅದೇ ಅದರ ತೊಡಕು. ಸಡಿಲ ಅಂಗಾಂಶದಲ್ಲಿರುವುದರಿಂದ ಹೊರಳುತ್ತದೆ, ಚುಚ್ಚಿದರೆ ಹೆಚ್ಚು ನೋವಾಗುತ್ತದೆ, ಮುಂಗೈಯ ಒಳಬದಿಯ ಚರ್ಮದ ನರ ಇದರ ಪಕ್ಕದಲ್ಲೇ ಇದೆ, ಅಪಧಮನಿ ಮತ್ತು ಮೀಡಿಯನ್ ನರವೂ ದೂರವಿಲ್ಲ. ಒಂದು ತೋಳಿನಲ್ಲಿ ಬೆಸಿಲಿಕ್ ಮಾತ್ರ ಚೆನ್ನಾಗಿ ಕಂಡರೆ, ಅದನ್ನು ಚುಚ್ಚುವ ಮೊದಲು ಇನ್ನೊಂದು ತೋಳಿನ ಮೀಡಿಯನ್ ಕ್ಯುಬಿಟಲ್ ಮತ್ತು ಸೆಫಾಲಿಕ್ ನೋಡಲೇಬೇಕು.

## ಹಂತ 4: ಯಾವ ತೋಳು ಬೇಡ ಎಂಬುದನ್ನು ಕೇಳಿ ತಿಳಿಯಿರಿ

ಹೆಸರನ್ನು ನೀವು ಹೇಳಿ ‘ಹೌದಾ’ ಎಂದು ಕೇಳಬೇಡಿ, ಪೂರ್ತಿ ಹೆಸರನ್ನೂ ಹುಟ್ಟಿದ ದಿನಾಂಕವನ್ನೂ ರೋಗಿಯೇ ಹೇಳಲಿ. ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ, ಹಿಂದೆ ರಕ್ತ ಕೊಡುವಾಗ ತಲೆಸುತ್ತಿ ಬಿದ್ದದ್ದಿದೆಯೇ ಎಂದು ಕೇಳಿ. ತಲೆಸುತ್ತುವ ಅಭ್ಯಾಸವಿದ್ದವರನ್ನು ಮಲಗಿಸಿಯೇ ತೆಗೆಯಿರಿ.

ಡಯಾಲಿಸಿಸ್ ಫಿಸ್ಟುಲಾ ಇರುವ ತೋಳು ಬೇಡ. ಸ್ತನದ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿ ತೆಗೆದ ಬದಿ, ವೈದ್ಯರ ಒಪ್ಪಿಗೆಯಿಲ್ಲದೆ ಬೇಡ. ಡ್ರಿಪ್ ಹೋಗುತ್ತಿರುವ ತೋಳಿನಲ್ಲಿ ತೆಗೆದರೆ ದ್ರವ ಬೆರೆತು ಫಲಿತಾಂಶವೇ ಕೆಡುತ್ತದೆ. ಊತ, ಸುಟ್ಟ ಗಾಯ, ಸೋಂಕು, ಹೊಸ ರಕ್ತಗಂಟು ಇರುವ ಜಾಗವನ್ನೂ ಬಿಡಿ.

## ಹಂತ 5: ಟೂರ್ನಿಕೆಟ್ ಕಟ್ಟಿ, ಗಡಿಯಾರ ನೋಡಿ

ಚುಚ್ಚುವ ಜಾಗಕ್ಕಿಂತ ನಾಲ್ಕೈದು ಬೆರಳಗಲ ಮೇಲೆ ಕಟ್ಟಿ. ಹೆಚ್ಚು ಹತ್ತಿರವಾದರೆ ವೇನ್ ಕುಸಿಯಬಹುದು, ಹೆಚ್ಚು ದೂರವಾದರೆ ತುಂಬುವುದಿಲ್ಲ. ಬಿಗಿ ಎಷ್ಟಿರಬೇಕೆಂಬುದಕ್ಕೆ ಒಂದು ಪರೀಕ್ಷೆ ಇದೆ: ಕಟ್ಟಿದ ಮೇಲೂ ಮಣಿಕಟ್ಟಿನ ನಾಡಿ ಸಿಗಬೇಕು. ಸಿಗದಿದ್ದರೆ ಅಪಧಮನಿಯನ್ನೇ ತಡೆದಿದ್ದೀರಿ. ತೋಳಿಗೆ ರಕ್ತವೇ ಬಾರದೆ ವೇನ್ ತುಂಬುವುದು ಹೇಗೆ?

ಕಟ್ಟಿದ ಟೂರ್ನಿಕೆಟ್ ಒಂದು ನಿಮಿಷ ದಾಟಬಾರದು. ದಾಟಿದರೆ ನೀರಿನಂಶ ಹೊರಕ್ಕೆ ಜಿನುಗಿ ರಕ್ತ ಗಟ್ಟಿಯಾಗುತ್ತದೆ, ಪ್ರೋಟೀನ್ ಮತ್ತು ಕಣಗಳ ಎಣಿಕೆ ನಿಜಕ್ಕಿಂತ ಹೆಚ್ಚು ಬರುತ್ತದೆ. ಹುಡುಕುವುದರಲ್ಲೇ ನಿಮಿಷ ಕಳೆದರೆ ಬಿಚ್ಚಿ, ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟಿ. ‘ಮುಷ್ಟಿ ಕಟ್ಟಿ, ಬಿಡಿ, ಕಟ್ಟಿ, ಬಿಡಿ’ ಎಂದು ಹೇಳಿಸುವ ರೂಢಿಯನ್ನು ಕೈಬಿಡಿ. ಸ್ನಾಯು ಹಾಗೆ ದುಡಿದಾಗ ಪೊಟ್ಯಾಸಿಯಮ್ ರಕ್ತಕ್ಕೆ ಇಳಿಯುತ್ತದೆ, ವರದಿಯಲ್ಲಿ ಸುಳ್ಳು ಏರಿಕೆ ಕಾಣುತ್ತದೆ. ಒಮ್ಮೆ ಹಗುರವಾಗಿ ಮುಷ್ಟಿ ಹಿಡಿದರೆ ಸಾಕು.

## ಹಂತ 6: ಬೆರಳು ಒಪ್ಪಿದ್ದನ್ನು ಆರಿಸಿ

ಕಂಡ ವೇನ್‌ಗಿಂತ ಬೆರಳಿಗೆ ಸಿಕ್ಕ ವೇನ್ ಮೇಲು. ಚರ್ಮದ ಮೇಲ್ಪದರದಲ್ಲಿ ಕಾಣುವ ಸಣ್ಣ ನೀಲಿ ಎಳೆಗಳು ಸೂಜಿ ಹೊಕ್ಕ ಕೂಡಲೇ ಒಡೆಯುತ್ತವೆ. ಅದೇ ಹೊತ್ತಿಗೆ ಕಣ್ಣಿಗೆ ಏನೂ ಕಾಣದ ತೋಳಿನಲ್ಲಿ, ಒಳಗೆ ನೀರು ತುಂಬಿದ ಮೃದು ರಬ್ಬರ್ ನಳಿಕೆಯಂತೆ ಒತ್ತಿದರೆ ತಗ್ಗಿ ಬಿಟ್ಟರೆ ಪುಟಿಯುವ ಒಳ್ಳೆಯ ವೇನ್ ಇರಬಹುದು.

ತೋರುಬೆರಳ ತುದಿಯಿಂದ ಒತ್ತಿ, ಬಿಡಿ. ಹೆಬ್ಬೆರಳು ಬಳಸಬೇಡಿ, ಅದರಲ್ಲಿ ನಿಮ್ಮದೇ ನಾಡಿ ಮಿಡಿದು ದಾರಿ ತಪ್ಪಿಸುತ್ತದೆ. ಪುಟಿತ ಸಿಕ್ಕ ಮೇಲೆ ಬೆರಳನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಎರಡು ಸೆಂಟಿಮೀಟರಿನಷ್ಟಾದರೂ ವೇನ್ ಯಾವ ದಿಕ್ಕಿಗೆ ಹೋಗುತ್ತದೆಂದು ತಿಳಿಯಿರಿ. ಮೀಡಿಯನ್ ಕ್ಯುಬಿಟಲ್ ಓರೆಯಾಗಿ ಹೋಗುವುದರಿಂದ ಸೂಜಿಯೂ ಅದೇ ಓರೆಯಲ್ಲಿ ಹೋಗಬೇಕು. ತೋಳಿನ ಉದ್ದಕ್ಕೆ ನೇರವಾಗಿ ಹಾಕಿದರೆ ವೇನ್‌ನ ಪಕ್ಕದ ಗೋಡೆಯಿಂದ ಹೊರಬೀಳುತ್ತದೆ.

ಬೆರಳನ್ನು ಮೋಸಗೊಳಿಸುವವು ಮೂರು. ಟೆಂಡನ್ ಗಟ್ಟಿ, ಪುಟಿಯುವುದಿಲ್ಲ, ಟೂರ್ನಿಕೆಟ್ ಬಿಚ್ಚಿದರೂ ಹಾಗೇ ಇರುತ್ತದೆ. ಪದೇಪದೇ ಚುಚ್ಚಿ ಗಡುಸಾದ ವೇನ್ ಹುರಿಯಂತೆ ಹೊರಳುತ್ತದೆ, ತಗ್ಗುವುದಿಲ್ಲ. ಅಪಧಮನಿ ಮಿಡಿಯುತ್ತದೆ. ಕೆಲವರಲ್ಲಿ ಅಪಧಮನಿಯ ಕವಲೊಂದು ಮೇಲೇ ಒಡೆದು ಅಪೊನ್ಯುರೋಸಿಸ್‌ಗಿಂತ ಮೇಲ್ಪದರದಲ್ಲಿ, ವೇನ್‌ಗಳ ಸಾಲಿನಲ್ಲೇ ಹರಿಯುವುದುಂಟು. ಅದಕ್ಕಾಗಿಯೇ ಆರಿಸಿದ ವೇನ್ ಎಷ್ಟೇ ಸ್ಪಷ್ಟವಾಗಿದ್ದರೂ ಅದರ ಮೇಲೆ ಬೆರಳಿಟ್ಟು ಎರಡು ಸೆಕೆಂಡ್ ಸುಮ್ಮನಿರಿ. ಮಿಡಿದರೆ ಬಿಟ್ಟುಬಿಡಿ.

### ಒಂದು ತೋಳನ್ನು ಹಂತಹಂತವಾಗಿ ನೋಡೋಣ

58 ವರ್ಷದ ದಪ್ಪ ಮೈಕಟ್ಟಿನ ಮಹಿಳೆ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್ ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಗೆ ರಕ್ತ ಬೇಕು. ಎಡ ಸ್ತನದ ಶಸ್ತ್ರಚಿಕಿತ್ಸೆಯಾಗಿ ಕಂಕುಳಿನ ಗ್ರಂಥಿ ತೆಗೆದಿದ್ದಾರೆ, ಹಾಗಾಗಿ ಬಲತೋಳು ಮಾತ್ರ ಉಳಿಯಿತು. ‘ನನ್ನ ಕೈಲಿ ನರಾನೇ ಸಿಗಲ್ಲಮ್ಮ, ಹೋದ ಸಲ ಇಲ್ಲೇ ತಗೊಂಡ್ರು, ತುಂಬ ನೋವಾಯ್ತು’ ಎಂದು ಅವರು ಒಳಬದಿಯನ್ನು ತೋರಿಸುತ್ತಾರೆ. ಅಲ್ಲಿ ನೀಲಿ ಗೆರೆ ನಿಜಕ್ಕೂ ಎದ್ದು ಕಾಣುತ್ತಿದೆ. ವಿದ್ಯಾರ್ಥಿನಿಯ ಕೈ ಆಗಲೇ ಸ್ವಾಬ್ ಕಡೆಗೆ ಹೋಗಿದೆ.

ಇಲ್ಲಿ ನಿಲ್ಲಬೇಕು. ಮೊಣಕೈ ಸ್ವಲ್ಪ ಮಡಿಸಿ ತಡೆದಾಗ ಟೆಂಡನ್ ಸಿಕ್ಕಿತು. ಅದರ ಒಳಪಕ್ಕದಲ್ಲಿ ನಾಡಿ ಮಿಡಿಯಿತು. ನೀಲಿ ಗೆರೆ ಆ ನಾಡಿಗಿಂತಲೂ ಒಳಗಿದೆ, ಅಂದರೆ ಅದು ಬೆಸಿಲಿಕ್. ಹಿಂದಿನ ಸಲ ನೋವಾದದ್ದಕ್ಕೂ ಇದು ಹೊಂದುತ್ತದೆ. ಟೂರ್ನಿಕೆಟ್ ಕಟ್ಟಿ ಮಡಿಕೆಯ ನಡುವೆ ಹುಡುಕಿದರೆ ಕೊಬ್ಬಿನ ಪದರ ಬಿಟ್ಟು ಬೇರೇನೂ ಸಿಗಲಿಲ್ಲ. ಒಂದು ನಿಮಿಷ ಆಗುತ್ತ ಬಂದಾಗ ಬಿಚ್ಚಿದರು.

ಈಗ ತೋಳನ್ನು ಕೆಳಕ್ಕೆ ಇಳಿಬಿಟ್ಟು, ಮಡಿಕೆಯ ಮೇಲೆ ಬೆಚ್ಚಗಿನ ಬಟ್ಟೆಯನ್ನು ಮೂರರಿಂದ ಐದು ನಿಮಿಷ ಇಟ್ಟರು. ಬೆಚ್ಚಗಿರಬೇಕು, ಸುಡಬಾರದು, 42 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಮೊಣಕೈಯ ಕೆಳಗೆ ಮಡಚಿದ ಟವಲ್ ಇಟ್ಟು ತೋಳು ಪೂರ್ತಿ ಚಾಚುವಂತೆ ಮಾಡಿ ಮತ್ತೆ ಟೂರ್ನಿಕೆಟ್ ಕಟ್ಟಿದರು. ಈ ಸಲ ಬೆರಳು ಟೆಂಡನ್‌ನಿಂದ ಹೊರಕ್ಕೆ ಹೋಯಿತು. ಟೆಂಡನ್‌ಗೂ ಬ್ರೇಕಿಯೋರೇಡಿಯಾಲಿಸ್‌ಗೂ ನಡುವಿನ ತಗ್ಗಿನಲ್ಲಿ ಒತ್ತಿದಾಗ ಆಳದಿಂದ ಒಂದು ಪುಟಿತ. ಮೊದಲ ಸಲ ಅನುಮಾನವಾದರೂ ಬೆರಳನ್ನು ಕೆಳಕ್ಕೆ ಸರಿಸಿದಾಗ ಅದೇ ಪುಟಿತ ಮಡಿಕೆಯ ಗೆರೆಗಿಂತ ಎರಡು ಸೆಂಟಿಮೀಟರ್ ಕೆಳಗೂ ಸಿಕ್ಕಿತು. ಮಿಡಿತ ಇಲ್ಲ. ಟೂರ್ನಿಕೆಟ್ ಬಿಚ್ಚಿದಾಗ ಮೆತ್ತಗಾಯಿತು. ಸೆಫಾಲಿಕ್.

ಪಕ್ಕದ ಚರ್ಮದ ಸಣ್ಣ ಮಚ್ಚೆಯನ್ನು ಗುರುತಾಗಿ ಇಟ್ಟುಕೊಂಡು, ಸ್ವಚ್ಛ ಮಾಡಿ, ಎರಡು ನಿಮಿಷದ ಬಳಿಕ ಮತ್ತೆ ಕಟ್ಟಿ 22 ಗೇಜ್ ಸೂಜಿಯಲ್ಲಿ ತೆಗೆದರು. ಗುರುತಿಗೆ ಚರ್ಮದ ಗೆರೆ, ಮಚ್ಚೆ ಇಟ್ಟುಕೊಳ್ಳುವ ಅಭ್ಯಾಸ ಬಹಳ ಉಪಯುಕ್ತ, ಏಕೆಂದರೆ ಕಾಣದ ವೇನ್ ಅನ್ನು ಸ್ವಾಬ್ ಒರೆಸಿದ ಮೇಲೆ ಮತ್ತೆ ಮುಟ್ಟಿ ನೋಡುವಂತಿಲ್ಲ.

## ಹಂತ 7: ಸ್ವಚ್ಛ ಮಾಡಿ, ಚುಚ್ಚಿ

ಕೈ ತೊಳೆದು ಗ್ಲೌಸ್ ಹಾಕಿ. ಆಲ್ಕೋಹಾಲ್ ಸ್ವಾಬ್‌ನಿಂದ 30 ಸೆಕೆಂಡ್ ಒರೆಸಿ, ಇನ್ನೊಂದು 30 ಸೆಕೆಂಡ್ ತಾನಾಗಿ ಆರಲು ಬಿಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2010ರ ಮಾರ್ಗಸೂಚಿ. ಊದಬೇಡಿ, ಒಣ ಹತ್ತಿಯಲ್ಲಿ ಒರೆಸಬೇಡಿ. ಒದ್ದೆಯಿರುವಾಗಲೇ ಚುಚ್ಚಿದರೆ ಉರಿಯುತ್ತದೆ, ಮಾದರಿಯ ಕೆಂಪು ಕಣಗಳೂ ಒಡೆಯಬಹುದು.

ಇನ್ನೊಂದು ಕೈಯ ಹೆಬ್ಬೆರಳಿನಿಂದ, ಚುಚ್ಚುವ ಜಾಗಕ್ಕಿಂತ ಕೆಳಗೆ ಚರ್ಮವನ್ನು ಮಣಿಕಟ್ಟಿನ ಕಡೆಗೆ ಎಳೆದು ಹಿಡಿಯಿರಿ. ವೇನ್ ಹೊರಳಿತು ಎಂಬ ದೂರುಗಳಲ್ಲಿ ಬಹುಪಾಲು ಈ ಎಳೆತ ಸಡಿಲವಾದದ್ದರಿಂದಲೇ. ಮೇಲೊಂದು ಬೆರಳು ಕೆಳಗೊಂದು ಬೆರಳು ಇಟ್ಟು ಕಿಟಕಿಯ ಹಾಗೆ ಹಿಡಿಯಬೇಡಿ, ರೋಗಿ ತೋಳು ಎಳೆದುಕೊಂಡರೆ ಸೂಜಿ ನಿಮ್ಮ ಮೇಲಿನ ಬೆರಳಿಗೇ ಹೊಕ್ಕುತ್ತದೆ.

ಸೂಜಿಯ ಓರೆ ಬಾಯಿ ಮೇಲಿರಲಿ. ಕೋನ 30 ಡಿಗ್ರಿ ಅಥವಾ ಅದಕ್ಕೂ ಕಡಿಮೆ. ವೇನ್ ಮೇಲ್ಪದರದಲ್ಲಿದ್ದಷ್ಟೂ ಸೂಜಿ ಚಪ್ಪಟೆಯಾಗಬೇಕು. ಒಂದೇ ನಯವಾದ ಚಲನೆಯಲ್ಲಿ ಒಳಗೆ ಹೋಗಿ, ತಡೆ ಕಡಿಮೆಯಾದ ಅನುಭವವಾದ ಕೂಡಲೇ ನಿಲ್ಲಿಸಿ. ಅಪೊನ್ಯುರೋಸಿಸ್ ದಾಟಿ ಅಪಧಮನಿಗೆ ತಲುಪುವ ಸೂಜಿಗಳು ಹೆಚ್ಚಾಗಿ ಕಡಿದಾದ ಕೋನದಲ್ಲಿ ಹೋದವೇ.

ಟ್ಯೂಬುಗಳ ಕ್ರಮ ತಪ್ಪಬಾರದು: ರಕ್ತ ಕಲ್ಚರ್ ಬಾಟಲಿ, ನೀಲಿ ಮುಚ್ಚಳ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ಮೇಲಿನ ಮಹಿಳೆಗೆ ಹಳದಿ, ನೇರಳೆ, ಬೂದು ಸಾಕು. ನೇರಳೆಯದನ್ನು ಮೊದಲು ತುಂಬಿದರೆ ಅದರಲ್ಲಿನ ಈಡಿಟಿಎ ಮುಂದಿನ ಟ್ಯೂಬಿಗೆ ಸೋಂಕಿ ಕ್ಯಾಲ್ಸಿಯಮ್ ಕಡಿಮೆ, ಪೊಟ್ಯಾಸಿಯಮ್ ಹೆಚ್ಚು ತೋರಿಸುತ್ತದೆ. ರಾಸಾಯನಿಕವಿರುವ ಟ್ಯೂಬುಗಳನ್ನು ತುಂಬಿದ ಕೂಡಲೇ ಮೆಲ್ಲಗೆ ತಲೆಕೆಳಗಾಗಿಸಿ ಬೆರೆಸಿ, ಕುಲುಕಬೇಡಿ.

### ರಕ್ತ ಬರದಿದ್ದರೆ

ಮೊದಲು ಟ್ಯೂಬ್ ಬದಲಿಸಿ ನೋಡಿ, ಕೆಲವು ಟ್ಯೂಬುಗಳಲ್ಲಿ ನಿರ್ವಾತ ಹೋಗಿರುತ್ತದೆ. ಆಮೇಲೆ ಸೂಜಿಯನ್ನು ಬಂದ ದಾರಿಯಲ್ಲೇ ಕೂದಲೆಳೆಯಷ್ಟು ಮುಂದಕ್ಕೆ, ಆಗಲೂ ಇಲ್ಲದಿದ್ದರೆ ಅಷ್ಟೇ ಹಿಂದಕ್ಕೆ ಸರಿಸಿ. ಇದಕ್ಕಿಂತ ಹೆಚ್ಚಿನದೇನೂ ಬೇಡ. ಚರ್ಮದೊಳಗೆ ಸೂಜಿಯ ತುದಿಯನ್ನು ಎಡಕ್ಕೂ ಬಲಕ್ಕೂ ಆಡಿಸಿ ಹುಡುಕುವುದನ್ನು ನಾನು ಯಾರಿಗೂ ಒಪ್ಪುವುದಿಲ್ಲ, ಎಷ್ಟೇ ಅನುಭವವಿದ್ದರೂ. ನರಕ್ಕೆ ಗಾಯವಾಗುವ ಮುಖ್ಯ ದಾರಿ ಅದೇ. ಎರಡು ಸಲ ಚುಚ್ಚಿಯೂ ಸಿಗದಿದ್ದರೆ ಇನ್ನೊಬ್ಬರಿಗೆ ಬಿಟ್ಟುಕೊಡಿ.

## ಸೂಜಿ ಒಳಗಿರುವಾಗ ಕಾಣುವ ಎಚ್ಚರಿಕೆಯ ಸೂಚನೆಗಳು

‘ಕರೆಂಟ್ ಹೊಡೆದ ಹಾಗಾಯ್ತು’ ಎಂದು ರೋಗಿ ಹೇಳಿದರೆ, ಅಥವಾ ನೋವು ಬೆರಳುಗಳ ಕಡೆಗೆ ಓಡಿದರೆ, ‘ಸ್ವಲ್ಪ ತಡ್ಕೊಳ್ಳಿ’ ಎನ್ನಬೇಡಿ. ರಕ್ತ ಚೆನ್ನಾಗಿ ಬರುತ್ತಿದ್ದರೂ ಟೂರ್ನಿಕೆಟ್ ಬಿಚ್ಚಿ ಸೂಜಿ ತೆಗೆಯಿರಿ. ನೋವು ಎಲ್ಲಿಗೆ ಹೋಯಿತೆಂದು ಕೇಳಿ ಬರೆದಿಡಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಹೋದರೆ ಮೀಡಿಯನ್ ನರ. ಮುಂಗೈಯ ಒಳಬದಿಯ ಚರ್ಮದಲ್ಲಾದರೆ ಬೆಸಿಲಿಕ್ ಪಕ್ಕದ ಚರ್ಮದ ನರ. ಹೊರಬದಿಯಲ್ಲಾದರೆ ಸೆಫಾಲಿಕ್ ಜೊತೆಯದು. ಮತ್ತೆ ಚುಚ್ಚುವುದಾದರೆ ಬೇರೆ ಜಾಗದಲ್ಲಿ, ಸಾಧ್ಯವಿದ್ದರೆ ಬೇರೆ ತೋಳಿನಲ್ಲಿ.

ರಕ್ತ ಕಡುಗೆಂಪಿನ ಬದಲು ಹೊಳೆಯುವ ಕೆಂಪಾಗಿ, ಮಿಡಿತದೊಂದಿಗೆ ನುಗ್ಗಿ ಬಂದರೆ ಅದು ಅಪಧಮನಿ. ಸೂಜಿ ತೆಗೆದು ಕನಿಷ್ಠ ಐದು ನಿಮಿಷ, ರಕ್ತ ಪೂರ್ತಿ ನಿಲ್ಲುವ ತನಕ, ನೀವೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಈ ಕೆಲಸ ರೋಗಿಗೆ ವಹಿಸುವಂಥದ್ದಲ್ಲ. ವೈದ್ಯರಿಗೆ ತಿಳಿಸಿ. ಮಾದರಿ ತುಂಬಿದ್ದರೆ ಪ್ರಯೋಗಾಲಯಕ್ಕೂ ಅದು ಅಪಧಮನಿಯ ರಕ್ತ ಎಂದು ತಿಳಿಸಬೇಕು.

ಸೂಜಿಯ ಸುತ್ತ ಚರ್ಮ ಉಬ್ಬುತ್ತಿದ್ದರೆ ವೇನ್‌ನಿಂದ ರಕ್ತ ಹೊರಕ್ಕೆ ಸೋರುತ್ತಿದೆ. ಸೂಜಿ ಗೋಡೆಯನ್ನು ಅರ್ಧ ಮಾತ್ರ ಹೊಕ್ಕಿರಬಹುದು, ಇಲ್ಲವೇ ಆಚೆ ಗೋಡೆ ದಾಟಿರಬಹುದು. ಟೂರ್ನಿಕೆಟ್ ಮೊದಲು, ಸೂಜಿ ಆಮೇಲೆ, ಆ ತಕ್ಷಣ ಒತ್ತಡ. ಮುಖ ಬಿಳಿಚಿ, ಹಣೆ ಬೆವರಿ, ಆಕಳಿಕೆ ಬರತೊಡಗಿದರೆ ರೋಗಿ ಪ್ರಜ್ಞೆ ತಪ್ಪುವ ಹಂತದಲ್ಲಿದ್ದಾರೆ. ಇನ್ನೊಂದು ಟ್ಯೂಬ್ ತುಂಬಿಬಿಡೋಣ ಎನ್ನದೆ ಸೂಜಿ ತೆಗೆದು, ಮಲಗಿಸಿ ಕಾಲು ಎತ್ತಿಡಿ.

## ಹಂತ 8: ಹೊರಬರುವ ಕ್ರಮ

ರಕ್ತ ಸರಾಗವಾಗಿ ಬರತೊಡಗಿದ ಕೂಡಲೇ ಟೂರ್ನಿಕೆಟ್ ಬಿಚ್ಚುವುದು ಒಳ್ಳೆಯದು. ಏನೇ ಆದರೂ ಸೂಜಿಗಿಂತ ಮೊದಲು ಅದು ಬಿಚ್ಚಿರಲೇಬೇಕು. ಹೋಲ್ಡರಿನಿಂದ ಕೊನೆಯ ಟ್ಯೂಬ್ ಕಳಚಿ, ಗಾಜ್ ಜಾಗದ ಮೇಲೆ ಹಗುರವಾಗಿ ಇಟ್ಟು, ಸೂಜಿ ಹೊರಬಂದ ಮೇಲೆಯೇ ಒತ್ತಿ. ಸೂಜಿ ಒಳಗಿರುವಾಗ ಒತ್ತಿದರೆ ಅದರ ಅಲಗು ವೇನ್ ಅನ್ನು ಕೊಯ್ಯುತ್ತದೆ. ಮುಚ್ಚಳ ಮತ್ತೆ ಹಾಕದೆ ಸೂಜಿಯನ್ನು ನೇರ ಡಬ್ಬಿಗೆ ಹಾಕಿ.

‘ಕೈ ಮಡಚಿಕೊಳ್ಳಿ’ ಎಂಬುದು ಎಲ್ಲ ಕಡೆ ಕೇಳಿಬರುವ ಮಾತು. ಬೇಡ. ಮಡಚಿದಾಗ ಗಾಜ್ ಸರಿಯಾದ ಬಿಂದುವನ್ನು ಒತ್ತುವುದಿಲ್ಲ, ಮತ್ತೆ ಚಾಚಿದಾಗ ಆಗತಾನೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ, ಮರುದಿನ ಮಡಿಕೆಯೆಲ್ಲ ನೀಲಿಗಟ್ಟುತ್ತದೆ. ತೋಳು ಚಾಚಿಯೇ ಇರಲಿ, ಬೇಕಾದರೆ ಸ್ವಲ್ಪ ಎತ್ತಿ ಹಿಡಿಯಲಿ, ರಕ್ತ ನಿಲ್ಲುವ ತನಕ ಎರಡು ಬೆರಳಿನಿಂದ ಒತ್ತಲಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಕು. ಗಾಜ್ ಎತ್ತಿ ಕಣ್ಣಾರೆ ನೋಡಿಯೇ ಅಂಟುಪಟ್ಟಿ ಹಾಕಿ.

ಟ್ಯೂಬುಗಳ ಮೇಲೆ ಹೆಸರು, ದಿನಾಂಕ, ಸಮಯ ಬರೆಯುವುದು ರೋಗಿ ಎದುರಿಗಿರುವಾಗಲೇ, ರಕ್ತ ತುಂಬಿದ ಮೇಲೆ. ಚುಚ್ಚಲು ಕಷ್ಟವಾದ ತೋಳಾದರೆ ‘ಬಲತೋಳು, ಸೆಫಾಲಿಕ್, ಮಡಿಕೆಗಿಂತ ಎರಡು ಸೆಂಟಿಮೀಟರ್ ಕೆಳಗೆ’ ಎಂದು ದಾಖಲೆಯಲ್ಲಿ ಒಂದು ಸಾಲು ಬರೆದಿಟ್ಟು, ರೋಗಿಗೂ ಆ ಜಾಗವನ್ನು ತೋರಿಸಿ ಕಳಿಸಿ. ಮನೆಗೆ ಹೋದ ಮೇಲೆ ಊತ ದೊಡ್ಡದಾಗುತ್ತ ಹೋದರೆ, ಬೆರಳುಗಳಲ್ಲಿ ಜೋಮು ಅಥವಾ ಬಲಹೀನತೆ ಉಳಿದರೆ, ಕಾಯದೆ ಅದೇ ದಿನ ಬಂದು ತೋರಿಸಬೇಕೆಂದು ಹೇಳಿ.